ಪಾತ್ರೆಯ ತಳದ ಮಸಿ ತೆಗೆಯುವುದು: ಸ್ಟೀಲಿಗೆ ಒಂದು ಬಗೆ, ತಾಮ್ರಕ್ಕೆ ಇನ್ನೊಂದು ಬಗೆ

ಪಾತ್ರೆಯ ಹೊರತಳ ಕಪ್ಪಾದರೆ ಅದನ್ನೆಲ್ಲ ನಾವು ಮಸಿ ಎಂದೇ ಕರೆಯುತ್ತೇವೆ. ತಿಕ್ಕಲು ಕುಳಿತ ಮೇಲೆ ಮಾತ್ರ, ಒಂದು ಪಾತ್ರೆಯ ಕಪ್ಪು ಬೆರಳಿಗೇ ಅಂಟಿಕೊಂಡು ಬರುವುದೂ ಇನ್ನೊಂದರದು ತೋಳು ಸೋತರೂ ಕದಲದಿರುವುದೂ ಗಮನಕ್ಕೆ ಬರುತ್ತದೆ. ಇದಕ್ಕೆ ಕಾರಣ ಸರಳವಾಗಿದೆ. ತಳದಲ್ಲಿ ಕೂರುವ ಕಪ್ಪು ಒಂದೇ ವಸ್ತುವಾಗಿರುವುದಿಲ್ಲ. ಒಣ ಇಂಗಾಲದ ಪುಡಿ ಒಂದು, ಸುಟ್ಟು ಗಟ್ಟಿಯಾದ ಎಣ್ಣೆಯ ಜಿಡ್ಡು ಇನ್ನೊಂದು, ತಾಮ್ರವೇ ಕಾದು ಗಾಳಿಯೊಡನೆ ಸೇರಿ ಆಗುವ ಕಪ್ಪು ಪದರ ಮೂರನೆಯದು. ಮೊದಲನೆಯದು ಒರೆಸಿದರೆ ಹೋಗುತ್ತದೆ, ಎರಡನೆಯದು ಕ್ಷಾರಕ್ಕೆ ಸಡಿಲವಾಗುತ್ತದೆ, ಮೂರನೆಯದು ಹುಳಿಗೆ ಕರಗುತ್ತದೆ. ಎರಡನೆಯದರ ಮೇಲೆ ನಿಂಬೆಹಣ್ಣು ಉಜ್ಜಿದರೂ ಮೂರನೆಯದರ ಮೇಲೆ ಸೋಡಾ ಹಾಕಿದರೂ ಹೆಚ್ಚೇನೂ ಆಗದು. ತಳ ಹೊಳೆಯದೆ ಉಳಿಯುವ ಪಾತ್ರೆಗಳ ಪೈಕಿ ಹೆಚ್ಚಿನವುಗಳ ಕಥೆ ಇಷ್ಟೇ: ಶ್ರಮಕ್ಕೇನೂ ಕೊರತೆಯಿರುವುದಿಲ್ಲ, ಕ್ರಮ ಮಾತ್ರ ತಪ್ಪಿರುತ್ತದೆ.

ಮೊದಲು ಕಪ್ಪು ಯಾವುದೆಂದು ಗುರುತಿಸಿ

ಪಾತ್ರೆ ಪೂರ್ತಿ ತಣ್ಣಗಾಗಿ, ತಳ ಒಣಗಿರುವಾಗ ಮೂರು ಸಣ್ಣ ಪರೀಕ್ಷೆಗಳನ್ನು ಮಾಡಬೇಕು. ಮೂರೂ ಸೇರಿ ಎರಡು ನಿಮಿಷದ ಕೆಲಸ.

ಬಿಳಿ ಬಟ್ಟೆಯ ತುಂಡೊಂದನ್ನು ನೀರು ಮುಟ್ಟಿಸದೆ ತಳದ ಮೇಲೆ ಒಮ್ಮೆ ಎಳೆಯಿರಿ. ಬಟ್ಟೆಗೆ ದಟ್ಟವಾದ ಕಪ್ಪು ಗೆರೆ ಬಿದ್ದರೆ ಅದು ನಿಜವಾದ ಮಸಿ, ಅಂದರೆ ಪೂರ್ತಿ ಉರಿಯದ ಇಂಧನದಿಂದ ಬಂದ ಇಂಗಾಲದ ನುಣುಪು ಪುಡಿ. ಬಟ್ಟೆ ಬಹುಮಟ್ಟಿಗೆ ಸ್ವಚ್ಛವಾಗಿಯೇ ಉಳಿದರೆ ಮುಂದಿನ ಪರೀಕ್ಷೆಗೆ ಹೋಗಿ, ಮರದ ಸಟ್ಟುಗದ ಅಂಚಿನಿಂದಲೋ ಬಳಸದ ಪ್ಲಾಸ್ಟಿಕ್ ಕಾರ್ಡಿನಿಂದಲೋ ಅಂಚಿನ ಬಳಿ ಕೆರೆಯಿರಿ. ಉಬ್ಬಿದಂತಿರುವ, ಕಂದು ಕಪ್ಪು ಬಣ್ಣದ, ಕೆರೆದಾಗ ಗಟ್ಟಿ ಅರಗಿನಂತೆ ತೋರುವ ಪದರವಿದ್ದರೆ ಅದು ಸುಟ್ಟ ಜಿಡ್ಡು. ಪಾತ್ರೆಯ ಹೊರಮೈಯಿಂದ ಇಳಿದ ಎಣ್ಣೆಯ ಹನಿಗಳು ಪ್ರತಿಬಾರಿ ಉರಿಯಲ್ಲಿ ಕಾದು, ಬಣ್ಣದ ಎಣ್ಣೆ ಒಣಗಿ ಗಟ್ಟಿಯಾಗುವ ಹಾಗೆಯೇ ಒಂದರ ಮೇಲೊಂದು ಪದರವಾಗಿ ಬಿಗಿದುಕೊಳ್ಳುತ್ತವೆ. ಆ ಪದರಗಳ ನಡುವೆ ಇಂಗಾಲದ ಪುಡಿಯೂ ಸಿಕ್ಕಿಕೊಂಡಿರುತ್ತದೆ. ಇಂಗಾಲವನ್ನು ಕರಗಿಸುವ ದ್ರಾವಣ ಅಡುಗೆಮನೆಯಲ್ಲಿ ಯಾವುದೂ ಇಲ್ಲ. ಅದನ್ನು ಹಿಡಿದಿಟ್ಟಿರುವ ಎಣ್ಣೆಯ ಅಂಟನ್ನು ಬಿಡಿಸಿದರೆ ಅದು ತಾನೇ ಉದುರುತ್ತದೆ ಎಂಬುದನ್ನು ನೆನಪಿಟ್ಟುಕೊಂಡರೆ ಮುಂದಿನ ಹಂತಗಳೆಲ್ಲ ಅರ್ಥವಾಗುತ್ತವೆ.

ಮೂರನೆಯ ಪರೀಕ್ಷೆ ತಾಮ್ರದ ತಳದ ಪಾತ್ರೆಗೆ ಮಾತ್ರ. ಕಪ್ಪಿನ ಮೇಲೆ ಒಂದು ಚಿಟಿಕೆ ಉಪ್ಪು ಹಾಕಿ, ಅದರ ಮೇಲೆ ನಾಲ್ಕೈದು ಹನಿ ನಿಂಬೆರಸ ಬಿಡಿ. ಅರ್ಧ ನಿಮಿಷದ ಬಳಿಕ ಒರೆಸಿದಾಗ ಅಲ್ಲಿ ಗುಲಾಬಿ ಬಣ್ಣದ ಚುಕ್ಕೆ ಕಂಡರೆ ಆ ಕಪ್ಪು ತಾಮ್ರದ ಆಕ್ಸೈಡ್. ಏನೂ ಬದಲಾಗದಿದ್ದರೆ ಆಕ್ಸೈಡಿನ ಮೇಲೆ ಜಿಡ್ಡಿನ ಹೊದಿಕೆ ಇದೆ, ಹುಳಿ ಒಳಗೆ ಇಳಿಯಲಾರದೆ ಮೇಲೆಯೇ ನಿಂತಿದೆ ಎಂದು ತಿಳಿಯಬೇಕು.

ಸ್ಟೀಲಿನ ತಳದಲ್ಲಿ ಕೆಲವೊಮ್ಮೆ ಹಳದಿ, ನೇರಳೆ, ನೀಲಿ ಛಾಯೆಗಳ ಬಳೆಗಳು ಕಾಣುತ್ತವೆ. ಇದು ಕೊಳೆಯಲ್ಲ. ಸ್ಟೀಲಿನಲ್ಲಿರುವ ಕ್ರೋಮಿಯಂನಿಂದಾಗಿ ಮೇಲ್ಮೈಯಲ್ಲಿ ಸದಾ ಇರುವ ಅತಿ ತೆಳುವಾದ ಆಕ್ಸೈಡ್ ಪದರ ಕಾವಿಗೆ ಸ್ವಲ್ಪ ದಪ್ಪವಾಗಿ ಬೆಳಕನ್ನು ಹೀಗೆ ಒಡೆದು ತೋರಿಸುತ್ತದೆ. ಎಷ್ಟು ತಿಕ್ಕಿದರೂ ಗೀರು ಬೀಳುತ್ತದೆಯೇ ಹೊರತು ಬೇರೆ ಪ್ರಯೋಜನವಿಲ್ಲ. ವಿನೆಗರ್ ಹಚ್ಚಿ ಐದು ನಿಮಿಷ ಬಿಟ್ಟು ಒರೆಸಿದರೆ ಬಣ್ಣ ಬಹಳಷ್ಟು ಇಳಿಯುತ್ತದೆ. ಹಾಗೆಯೇ ಬಿಟ್ಟರೂ ಪಾತ್ರೆಗೆ ಯಾವ ತೊಂದರೆಯೂ ಇಲ್ಲ.

ಒಣ ಮಸಿಗೆ ನೀರು ತೋರಿಸಬೇಡಿ

ಸೌದೆ ಒಲೆಯ ಮೇಲಿಟ್ಟ ಅಥವಾ ಹಳದಿ ಜ್ವಾಲೆಯ ಗ್ಯಾಸ್ ಒಲೆಯ ಮೇಲಿಟ್ಟ ಪಾತ್ರೆಯ ತಳದಲ್ಲಿ ಒಣ ಮಸಿಯೇ ಹೆಚ್ಚಾಗಿರುತ್ತದೆ. ಇಂತಹ ಪಾತ್ರೆಯನ್ನು ನೇರವಾಗಿ ನಲ್ಲಿಯ ಕೆಳಗೆ ಹಿಡಿಯುವುದು ಎಲ್ಲರೂ ಮಾಡುವ ತಪ್ಪು. ನೀರು ಬಿದ್ದೊಡನೆ ಪುಡಿ ಕೆಸರಾಗಿ ಪಾತ್ರೆಯ ಪಕ್ಕಕ್ಕೂ ತಿಕ್ಕುವ ನಾರಿಗೂ ಕೈಯ ಗೆರೆಗಳಿಗೂ ಸಿಂಕಿಗೂ ಹರಡುತ್ತದೆ. ಅದರ ಬದಲು ಪಾತ್ರೆಯನ್ನು ಹಳೆಯ ಕಾಗದದ ಮೇಲೆ ಬೋರಲು ಹಾಕಿ, ಇನ್ನೊಂದು ಕಾಗದವನ್ನು ಮುದ್ದೆ ಮಾಡಿಕೊಂಡು ನಡುವಿನಿಂದ ಅಂಚಿನ ಕಡೆಗೆ ಒರೆಸಬೇಕು. ಕಾಗದ ಕಪ್ಪಾದಂತೆ ಮಗ್ಗುಲು ಬದಲಿಸುತ್ತ, ಹೊಸ ಕಪ್ಪು ಬರುವುದು ನಿಂತ ಮೇಲೆ ನಿಲ್ಲಿಸಿದರೆ ಸಾಕು. ಬಾಯಿಂದ ಊದಿ ಪುಡಿ ಹಾರಿಸಬಾರದು. ಅದು ತುಂಬ ನುಣುಪಾದ ಪುಡಿಯಾದ್ದರಿಂದ ಉಸಿರಿನೊಳಗೆ ಸುಲಭವಾಗಿ ಹೋಗುತ್ತದೆ.

ಒರೆಸಿದ ಮೇಲೆ ಉಳಿಯುವ ಬೂದು ಛಾಯೆಗೆ ಪಾತ್ರೆ ತೊಳೆಯುವ ದ್ರವ ಸೋಪನ್ನು ನೀರು ಬೆರೆಸದೆ ಬಟ್ಟೆಗೆ ಹಾಕಿಕೊಂಡು ತಿಕ್ಕಿ, ಬಳಿಕ ಬಿಸಿನೀರಿನಲ್ಲಿ ತೊಳೆಯಬೇಕು. ಕೈಗೆ ಅಂಟಿದ ಮಸಿಗೂ ಇದೇ ತತ್ವ ಅನ್ವಯಿಸುತ್ತದೆ: ಮೊದಲು ಒಂದೆರಡು ಹನಿ ಎಣ್ಣೆ ಹಚ್ಚಿ ಉಜ್ಜಿ, ಒರೆಸಿ, ಆಮೇಲೆ ಸೋಪು ಹಾಕಿದರೆ ಉಗುರಿನ ಸಂದಿಯ ಕಪ್ಪು ಕೂಡ ಬಿಡುತ್ತದೆ.

ಸುಟ್ಟ ಜಿಡ್ಡಿಗೆ ಸೋಡಾ ಸ್ನಾನ

ಇಲ್ಲಿಂದ ಮುಂದೆ ಕೆಲಸ ಮಾಡುವುದು ಕಾವು, ಕ್ಷಾರ ಮತ್ತು ಕಾಲ. ಕೈಬಲಕ್ಕೆ ಕೊನೆಯ ಸ್ಥಾನ.

ಕ್ಷಾರ ಎಂದರೆ ಎರಡು ಸೋಡಾಗಳಲ್ಲಿ ಒಂದು. ಬಟ್ಟೆ ಒಗೆಯಲು ಬಳಸುವ ವಾಷಿಂಗ್ ಸೋಡಾ, ಅಂದರೆ ಸೋಡಿಯಂ ಕಾರ್ಬೊನೇಟ್, ಸಾಕಷ್ಟು ಪ್ರಬಲವಾದದ್ದು. ಅಡುಗೆ ಸೋಡಾ, ಅಂದರೆ ಸೋಡಿಯಂ ಬೈಕಾರ್ಬೊನೇಟ್, ಬಹಳ ಸೌಮ್ಯ. ಆದರೆ ಅಡುಗೆ ಸೋಡಾ ಬೆರೆಸಿದ ನೀರನ್ನು ಚೆನ್ನಾಗಿ ಕುದಿಸಿದರೆ ಅದರಿಂದ ಇಂಗಾಲದ ಡೈಆಕ್ಸೈಡ್ ಹೊರಹೋಗಿ ಒಂದು ಪಾಲು ಕಾರ್ಬೊನೇಟ್ ಆಗಿ ಬದಲಾಗುತ್ತದೆ. ಹಾಗಾಗಿ ಅಡುಗೆ ಸೋಡಾ ಮಾತ್ರ ಇದ್ದರೂ ಕೆಲಸ ನಡೆಯುತ್ತದೆ, ಸ್ವಲ್ಪ ಹೆಚ್ಚು ಹೊತ್ತು ಹಿಡಿಯುತ್ತದೆ ಅಷ್ಟೆ. ಸೌದೆಯ ಬೂದಿಯಿಂದ ಪಾತ್ರೆ ಬೆಳಗುತ್ತಿದ್ದುದರ ಹಿಂದೆಯೂ ಇದೇ ಗುಟ್ಟಿದೆ. ಬೂದಿಯಲ್ಲಿರುವ ಪೊಟ್ಯಾಸಿಯಂ ಕಾರ್ಬೊನೇಟ್ ಜಿಡ್ಡನ್ನು ಸಡಿಲಿಸಿದರೆ ನುಣುಪು ಕಣಗಳು ಅದನ್ನು ತಿಕ್ಕಿ ತೆಗೆಯುತ್ತವೆ.

ಕೊಳೆಯಾದ ಪಾತ್ರೆಗಿಂತ ಅಗಲವಾದ, ಸ್ಟೀಲಿನ ಇನ್ನೊಂದು ಪಾತ್ರೆ ಬೇಕಾಗುತ್ತದೆ. ಅದು ಅಲ್ಯೂಮಿನಿಯಂ ಆಗಿರಬಾರದು, ಏಕೆಂದರೆ ಕುದಿಯುವ ಸೋಡಾ ಅಲ್ಯೂಮಿನಿಯಮ್ಮನ್ನು ತಿಂದು ಕಪ್ಪಾಗಿಸುತ್ತದೆ. ಇದೇ ಕಾರಣಕ್ಕೆ, ತಳದಲ್ಲಿ ಅಲ್ಯೂಮಿನಿಯಂ ಬಿಲ್ಲೆ ಸೇರಿಸಿರುವ ಸ್ಟೀಲ್ ಪಾತ್ರೆಗಳಲ್ಲಿ ಬಿಲ್ಲೆಯ ಅಂಚು ಹೊರಗೆ ಬೂದು ಪಟ್ಟಿಯಂತೆ ಕಾಣುತ್ತಿದ್ದರೆ ಸೋಡಾ ಸ್ನಾನ ಮಾಡಿಸಬಾರದು. ಅಂಥವಕ್ಕೆ ಮುಂದೆ ಹೇಳುವ ಲೇಪವನ್ನು, ಆ ಪಟ್ಟಿಗೆ ತಾಗದಂತೆ ಹಚ್ಚಬೇಕು.

ಅಗಲವಾದ ಪಾತ್ರೆಗೆ ನೀರು ಹಾಕಿ, ಪ್ರತಿ ಲೀಟರಿಗೆ ಒಂದು ದೊಡ್ಡ ಚಮಚ ವಾಷಿಂಗ್ ಸೋಡಾ ಬೆರೆಸಿ ಕುದಿಸಿ. ಅಡುಗೆ ಸೋಡಾ ಆದರೆ ಎರಡು ಚಮಚ ಬೇಕು. ತಳದಲ್ಲಿ ಎರಡು ಸ್ಟೀಲ್ ಚಮಚಗಳನ್ನು ಅಡ್ಡಲಾಗಿಟ್ಟು, ಅವುಗಳ ಮೇಲೆ ಕೊಳೆಯಾದ ಪಾತ್ರೆಯನ್ನು ನೇರವಾಗಿ ಕೂರಿಸಿ. ಹಾಗೆ ಎತ್ತರಿಸದಿದ್ದರೆ ಎರಡು ತಳಗಳೂ ಒಂದಕ್ಕೊಂದು ಅಂಟಿಕೊಂಡು, ಸೋಡಾ ನೀರು ಬೇಕಾದ ಜಾಗಕ್ಕೇ ತಲುಪುವುದಿಲ್ಲ. ಖಾಲಿ ಪಾತ್ರೆ ತೇಲುತ್ತದೆಯಾದ್ದರಿಂದ ಅದರೊಳಗೂ ಅರ್ಧದಷ್ಟು ನೀರು ತುಂಬಬೇಕು. ಹೊರಗಿನ ನೀರು ಕಪ್ಪಿನ ಗೆರೆಗಿಂತ ಎರಡು ಬೆರಳು ಮೇಲಿರುವಂತೆ ನೋಡಿಕೊಂಡು, ಸಣ್ಣ ಉರಿಯಲ್ಲಿ ಇಪ್ಪತ್ತು ನಿಮಿಷ ಕುದಿಸಿ, ಒಲೆ ಆರಿಸಿ, ಒಂದು ಗಂಟೆ ಹಾಗೆಯೇ ಬಿಡಿ. ನೀರು ಚಹಾ ಕಷಾಯದ ಬಣ್ಣಕ್ಕೆ ತಿರುಗಿದರೆ ಜಿಡ್ಡು ಬಿಡುತ್ತಿದೆ ಎಂದು ಅರ್ಥ.

ಸ್ಟೀಲಿನ ಕುಕ್ಕರ್ ಆದರೆ ಗ್ಯಾಸ್ಕೆಟ್, ವೆಯ್ಟ್, ಮುಚ್ಚಳಗಳನ್ನೆಲ್ಲ ದೂರವಿಟ್ಟು ಬರಿಯ ಪಾತ್ರೆಯನ್ನಷ್ಟೇ ಇಳಿಸಬೇಕು. ಹಿಡಿಕೆಗಳು ನೀರಿಗೆ ಮುಳುಗಬಾರದು, ಏಕೆಂದರೆ ಬಿಸಿ ಕ್ಷಾರಕ್ಕೆ ಕಪ್ಪು ಹಿಡಿಕೆಯ ಹೊಳಪು ಹೋಗಿ ಬಿಳಿಚಿಕೊಳ್ಳುತ್ತದೆ. ಕುದಿಯುವ ಸೋಡಾ ನೀರು ಚರ್ಮಕ್ಕೂ ಒಳ್ಳೆಯದಲ್ಲ. ಆದ್ದರಿಂದ ಕೈಗವಸು ಹಾಕಿಕೊಂಡೇ ಎತ್ತಬೇಕು ಮತ್ತು ಪಾತ್ರೆಯನ್ನು ತಾನಾಗಿ ತಣಿಯಲು ಬಿಡಬೇಕು. ಬಿಸಿ ತಳಕ್ಕೆ ತಣ್ಣೀರು ಎರಚಿದರೆ ಎರಡು ಲೋಹಗಳ ತಳ ಸೊಟ್ಟಗಾಗಿ, ಒಲೆಯ ಮೇಲೆ ಅಲುಗಾಡುವ ಪಾತ್ರೆಯಾಗಿಬಿಡುತ್ತದೆ.

ಈಗ ಕೆರೆಯುವ ಹಂತ. ಬೆಚ್ಚಗಿರುವಾಗಲೇ ಮರದ ಸಟ್ಟುಗದ ಅಂಚಿನಿಂದ ಅಡ್ಡಲಾಗಿ ತಳ್ಳಿದರೆ ಜಿಡ್ಡು ಸಿಪ್ಪೆಯಂತೆ ಎದ್ದು ಬರಬೇಕು. ಬರದಿದ್ದರೆ ಬಲ ಹೆಚ್ಚಿಸುವ ಅಗತ್ಯವಿಲ್ಲ, ಹೊಸ ನೀರಿನಲ್ಲಿ ಇನ್ನೊಂದು ಸ್ನಾನ ಮಾಡಿಸಬೇಕು. ಹಲವು ವರ್ಷಗಳ ಪದರವಿದ್ದರೆ ಎರಡು ಮೂರು ಸುತ್ತು ಬೇಕಾಗುವುದು ಸಹಜ. ಉಳಿದ ತೆಳು ಕಪ್ಪಿಗೆ, ಬರಿಯ ಸ್ಟೀಲಿನ ತಳವಾದರೆ, ಒದ್ದೆ ಅಡುಗೆ ಸೋಡಾ ಹಚ್ಚಿದ ನೈಲಾನ್ ಸ್ಕ್ರಬ್ಬರಿನಿಂದ ಬಳೆಯಾಕಾರದಲ್ಲಿ, ತಳದಲ್ಲಿ ಈಗಾಗಲೇ ಇರುವ ಗೆರೆಗಳ ದಿಕ್ಕಿನಲ್ಲೇ ತಿಕ್ಕಬೇಕು. ಗೆರೆಗಳಿಗೆ ಅಡ್ಡವಾಗಿ ತಿಕ್ಕಿದ ಗುರುತು ಮತ್ತೆ ಹೋಗುವುದಿಲ್ಲ.

ದೊಡ್ಡ ಪಾತ್ರೆಯನ್ನು ಇಳಿಸಲು ಅದಕ್ಕಿಂತ ದೊಡ್ಡದು ಇಲ್ಲದಿದ್ದರೆ ಲೇಪವೇ ದಾರಿ. ಮೂರು ಪಾಲು ಅಡುಗೆ ಸೋಡಾಕ್ಕೆ ಒಂದು ಪಾಲು ಬಿಸಿನೀರು ಸೇರಿಸಿ ದೋಸೆ ಹಿಟ್ಟಿಗಿಂತ ಗಟ್ಟಿಯಾಗಿ ಕಲಸಿ, ಬೋರಲು ಹಾಕಿದ ತಳಕ್ಕೆ ದಪ್ಪವಾಗಿ ಬಳಿದು, ಮೇಲೆ ಬಿಸಿನೀರಿನಲ್ಲಿ ಹಿಂಡಿದ ಬಟ್ಟೆ ಹೊದಿಸಿ ರಾತ್ರಿಯಿಡೀ ಬಿಡಬೇಕು. ಬಟ್ಟೆ ಹೊದಿಸದಿದ್ದರೆ ಲೇಪ ಒಂದು ಗಂಟೆಯಲ್ಲಿ ಒಣಗಿ ಪುಡಿಯಾಗುತ್ತದೆ. ಒಣಗಿದ ಸೋಡಾ ಏನನ್ನೂ ಮಾಡುವುದಿಲ್ಲ. ಸ್ನಾನದ ಅರ್ಧದಷ್ಟು ಫಲವೂ ಇದರಿಂದ ಒಮ್ಮೆಗೇ ಸಿಗದು, ಎರಡು ಮೂರು ರಾತ್ರಿ ಬೇಕಾದೀತು.

ಸೋಡಾ ಮತ್ತು ವಿನೆಗರನ್ನು ಒಟ್ಟಿಗೆ ಸುರಿದು ನೊರೆ ಬರಿಸುವ ಜನಪ್ರಿಯ ಉಪಾಯದ ಬಗ್ಗೆ ಇಲ್ಲಿ ಒಂದು ಮಾತು ಹೇಳಲೇಬೇಕು. ನೊರೆ ಕಣ್ಣಿಗೆ ಕೆಲಸ ನಡೆಯುತ್ತಿರುವಂತೆ ತೋರುತ್ತದೆ, ಆದರೆ ಕ್ಷಾರವೂ ಹುಳಿಯೂ ಒಂದನ್ನೊಂದು ಮುಗಿಸಿಕೊಂಡು, ನೀರು, ಗಾಳಿಗೆ ಹೋದ ಗುಳ್ಳೆ ಮತ್ತು ಸೋಡಿಯಂ ಅಸಿಟೇಟ್ ಎಂಬ ಸಪ್ಪೆ ಲವಣವಷ್ಟೇ ಉಳಿಯುತ್ತದೆ. ಅದಕ್ಕೆ ಜಿಡ್ಡೂ ಬಿಡದು, ತಾಮ್ರದ ಆಕ್ಸೈಡೂ ಕರಗದು. ಎರಡೂ ಬೇಕು, ಆದರೆ ಒಂದಾದ ಮೇಲೊಂದು, ನಡುವೆ ಚೆನ್ನಾಗಿ ತೊಳೆದು.

ತಾಮ್ರದ ತಳಕ್ಕೆ ಹುಳಿ, ಅದೂ ಕೊನೆಯಲ್ಲಿ

ತಾಮ್ರದ ತಳ ಎಂದು ಮಾರಾಟವಾಗುವ ಸ್ಟೀಲ್ ಪಾತ್ರೆಗಳಲ್ಲಿ ಅನೇಕವು ವಿದ್ಯುತ್ ಲೇಪನದಿಂದ ಕೂರಿಸಿದ ಬಹಳ ತೆಳುವಾದ ತಾಮ್ರದ ಪದರವನ್ನು ಹೊಂದಿರುತ್ತವೆ. ಒರಟು ವಸ್ತುವಿನಿಂದ ತಿಕ್ಕಿದಷ್ಟೂ ಆ ಪದರ ಸವೆಯುತ್ತದೆ. ತಾಮ್ರದ ನಡುವೆ ಬೆಳ್ಳಿಯಂಥ ಚುಕ್ಕೆಗಳು ಕಂಡವೆಂದರೆ ಅಡಿಯ ಸ್ಟೀಲು ಹೊರಬಂದಿದೆ ಎಂದರ್ಥ, ಅದನ್ನು ಮನೆಯಲ್ಲಿ ಸರಿಪಡಿಸಲಾಗದು. ಆದ್ದರಿಂದ ಹಸಿರು ಸ್ಕ್ರಬ್ಬರ್, ಸ್ಟೀಲ್ ನಾರು, ಮರಳಿನಂಥ ಪುಡಿ ಯಾವುದನ್ನೂ ತಾಮ್ರಕ್ಕೆ ತಾಗಿಸಬಾರದು. ಹತ್ತಿ ಬಟ್ಟೆ ಸಾಕು, ಏಕೆಂದರೆ ಇಲ್ಲಿ ಕೆಲಸ ಮಾಡುವುದು ಹುಳಿ.

ತಾಮ್ರ ಗಾಳಿಯಲ್ಲಿ ಕಾದಾಗ ಮೊದಲು ಕೆಂಗಂದು, ಆಮೇಲೆ ಕಪ್ಪು ಆಕ್ಸೈಡ್ ಆಗುತ್ತದೆ. ನಿಂಬೆ, ಹುಣಸೆ, ವಿನೆಗರ್ ಅಥವಾ ಅಂಗಡಿಯ ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಮ್ಲ, ಈ ಆಕ್ಸೈಡನ್ನು ಕರಗಿಸುತ್ತವೆ. ಅಡುಗೆ ಉಪ್ಪು ಸೇರಿಸುವುದಕ್ಕೂ ಕಾರಣವಿದೆ: ಉಪ್ಪಿನ ಕ್ಲೋರೈಡ್ ಕರಗಿದ ತಾಮ್ರವನ್ನು ಹಿಡಿದುಕೊಂಡು ಕೆಲಸವನ್ನು ಬಹಳ ಚುರುಕುಗೊಳಿಸುತ್ತದೆ. ನನ್ನ ಆಯ್ಕೆ ಸಿಟ್ರಿಕ್ ಆಮ್ಲವೇ. ಅದರಲ್ಲಿ ನಾರು, ತಿರುಳು ಇರುವುದಿಲ್ಲ, ಪ್ರತಿಬಾರಿಯೂ ಅದರ ಬಲ ಒಂದೇ ಆಗಿರುತ್ತದೆ. ಅರ್ಧ ಲೀಟರ್ ಬೆಚ್ಚನೆಯ ನೀರಿಗೆ ಒಂದು ದೊಡ್ಡ ಚಮಚ ಸಿಟ್ರಿಕ್ ಆಮ್ಲ, ಒಂದು ಸಣ್ಣ ಚಮಚ ಉಪ್ಪು ಕರಗಿಸಿಕೊಂಡರೆ ನಾಲ್ಕೈದು ಪಾತ್ರೆಗಳಿಗೆ ಆಗುತ್ತದೆ.

ಬಟ್ಟೆಯನ್ನು ಇದರಲ್ಲಿ ಅದ್ದಿ ತಳಕ್ಕೆ ಹಚ್ಚಿ, ಒಂದು ನಿಮಿಷ ಬಿಟ್ಟು, ಹಗುರವಾಗಿ ಒರೆಸುತ್ತ ಹೋಗಿ. ಕಪ್ಪು ಕಂದಾಗಿ, ಕಂದು ಗುಲಾಬಿಯಾಗಿ ತಿರುಗುವುದು ಕಣ್ಣೆದುರೇ ಕಾಣುತ್ತದೆ. ಎರಡು ಮೂರು ನಿಮಿಷಕ್ಕಿಂತ ಹೆಚ್ಚು ಹೊತ್ತು ಬಿಡುವ ಅಗತ್ಯವಿಲ್ಲ, ಬಿಡಲೂಬಾರದು. ಉಪ್ಪು ಮತ್ತು ಹುಳಿ ಸ್ಟೀಲಿನ ಮೇಲೆ ಗಂಟೆಗಟ್ಟಲೆ ನಿಂತರೆ ಸೂಜಿಮೊನೆಯಷ್ಟು ಕುಳಿಗಳು ಬೀಳುತ್ತವೆ. ಪಕ್ಕದ ಸ್ಟೀಲ್ ಭಾಗಕ್ಕೆ ಹರಿದದ್ದನ್ನು ಒಡನೆಯೇ ತೊಳೆದುಬಿಡಬೇಕು. ಬಟ್ಟೆಗೂ ನೀರಿಗೂ ನಸುಹಸಿರು ಬಣ್ಣ ಬಂದರೆ ಅದು ಕರಗಿದ ತಾಮ್ರದ ಲವಣ. ಅದು ಹೊಟ್ಟೆಗೆ ಹೋಗುವಂಥದ್ದಲ್ಲವಾದ್ದರಿಂದ ಪಾತ್ರೆಯ ಒಳಗೂ ಹೊರಗೂ ಸೋಪು ಹಾಕಿ ತೊಳೆಯದೆ ಬಳಸಬಾರದು.

ತೊಳೆದ ಕೂಡಲೇ ಮುಗಿಯಿತೆಂದು ಬೋರಲು ಹಾಕಿದರೆ ಮರುದಿನ ತಳದಲ್ಲಿ ಮಂಕು ಕಲೆಗಳೂ ಅಂಚಿನಲ್ಲಿ ಹಸಿರು ಕಿಲುಬೂ ಕಾಣುತ್ತವೆ. ಉಳಿದ ಹುಳಿಯ ತೇವ ಗಾಳಿಯಲ್ಲಿ ಕೆಲಸ ಮುಂದುವರಿಸುವುದರಿಂದ ಹೀಗಾಗುತ್ತದೆ. ಒಂದು ಲೋಟ ನೀರಿಗೆ ಅರ್ಧ ಸಣ್ಣ ಚಮಚ ಅಡುಗೆ ಸೋಡಾ ಬೆರೆಸಿ ಕೊನೆಯದಾಗಿ ತಳವನ್ನು ತೊಳೆದು, ಬರಿಯ ನೀರಿನಲ್ಲಿ ಮತ್ತೊಮ್ಮೆ ಜಾಲಿಸಿ, ಒಣಬಟ್ಟೆಯಿಂದ ಹನಿಯೂ ಉಳಿಯದಂತೆ ಒರೆಸಿಬಿಟ್ಟರೆ ಈ ತೊಂದರೆ ಇಲ್ಲ.

ಒಂದು ಪಾತ್ರೆಯ ಉದಾಹರಣೆ

ನಮ್ಮ ಮನೆಯ ಮೂರು ಲೀಟರಿನ ತಾಮ್ರದ ತಳದ ಪಾತ್ರೆಯೊಂದನ್ನು ವರ್ಷಗಳ ಕಾಲ ಮೇಲುಮೇಲಕ್ಕೆ ತೊಳೆದೇ ಬಳಸಿದ್ದೆವು. ತಳದ ನಡುವೆ ಮಂಕಾದ ಕಂದುಗಪ್ಪು, ಜ್ವಾಲೆ ತಾಗುವ ಬಳೆಯಲ್ಲಿ ಅಚ್ಚಗಪ್ಪು, ಅಂಚಿನಿಂದ ಎರಡು ಬೆರಳು ಮೇಲಿನವರೆಗೆ ಡಾಂಬರಿನಂಥ ಗಟ್ಟಿ ಪದರ ಇತ್ತು. ಒಣಬಟ್ಟೆಗೆ ಅಷ್ಟೇನೂ ಕಪ್ಪು ಬರಲಿಲ್ಲ. ಸಟ್ಟುಗ ಅಂಚಿನ ಮೇಲೆ ಜಾರಿತು. ನಡುವೆ ಉಪ್ಪು, ನಿಂಬೆ ಹಾಕಿ ಒಂದು ನಿಮಿಷ ಕಾದರೂ ಚುಕ್ಕೆ ಮೂಡಲಿಲ್ಲ. ಆದ್ದರಿಂದ ತಾಮ್ರ ಎಷ್ಟೇ ಕಪ್ಪಾಗಿದ್ದರೂ ಮೊದಲು ಹೋಗಬೇಕಾದದ್ದು ಜಿಡ್ಡು ಎಂಬುದು ಖಚಿತವಾಯಿತು.

ಅಗಲ ಪಾತ್ರೆಯಲ್ಲಿ ನಾಲ್ಕು ಲೀಟರ್ ನೀರಿಗೆ ನಾಲ್ಕು ದೊಡ್ಡ ಚಮಚ ವಾಷಿಂಗ್ ಸೋಡಾ ಹಾಕಿ, ಮೇಲೆ ಹೇಳಿದಂತೆ ಇಪ್ಪತ್ತು ನಿಮಿಷ ಕುದಿಸಿ ಒಂದು ಗಂಟೆ ಬಿಟ್ಟಾಗ ನೀರು ಕಡುಕಂದಾಗಿತ್ತು. ಅಂಚಿನ ಪದರದ ಮುಕ್ಕಾಲು ಪಾಲು ಸಟ್ಟುಗಕ್ಕೆ ಎದ್ದು ಬಂತು, ಹಿಡಿಕೆಯ ಕೆಳಗೆ ಎರಡು ಕಡೆ ಮಾತ್ರ ಅಂಗೈ ಅರ್ಧದಷ್ಟು ಉಳಿಯಿತು. ಅಲ್ಲಿಯೇ ಎಣ್ಣೆ ಹೆಚ್ಚು ಇಳಿದು ಕೂತಿತ್ತು. ನೀರು ಬದಲಿಸಿ ಎರಡನೆಯ ಸ್ನಾನ ಮಾಡಿಸಿದ ಮೇಲೆ ಒಂದು ಕಡೆಯದು ಪೂರ್ತಿ ಬಿಟ್ಟಿತು, ಇನ್ನೊಂದು ಕಡೆ ಸ್ಟೀಲಿನ ಮೇಲೆ ತೆಳು ಕಂದು ನೆರಳು ಉಳಿಯಿತು. ಅದನ್ನು ಅಡುಗೆ ಸೋಡಾ ಹಚ್ಚಿದ ಸ್ಕ್ರಬ್ಬರಿನಿಂದ ಐದು ನಿಮಿಷ ತಿಕ್ಕಬೇಕಾಯಿತು.

ಸೋಪಿನಲ್ಲಿ ತೊಳೆದು ನಿಂಬೆ ಪರೀಕ್ಷೆಯನ್ನು ಮತ್ತೆ ಮಾಡಿದಾಗ ಈ ಬಾರಿ ಇಪ್ಪತ್ತು ಸೆಕೆಂಡಿನಲ್ಲಿ ಗುಲಾಬಿ ಚುಕ್ಕೆ ಕಂಡಿತು. ಸಿಟ್ರಿಕ್ ಆಮ್ಲದ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಎರಡು ಸುತ್ತು ಒರೆಸಿದ್ದಕ್ಕೆ ಇಡೀ ತಳ ತಿಳಿಯಾಯಿತು. ಅಂಚಿನಲ್ಲಿ ಉಗುರಿನಷ್ಟು ಅಗಲದ ಎರಡು ಬೆಳ್ಳಿ ಕಲೆಗಳು ಆಗ ಬೆಳಕಿಗೆ ಬಂದವು. ಕೆಲವು ವರ್ಷಗಳ ಹಿಂದೆ ನಾನೇ ಹಟ ಹಿಡಿದು ಸ್ಟೀಲ್ ನಾರಿನಿಂದ ತಿಕ್ಕಿದ ಜಾಗಗಳವು. ಒಟ್ಟು ಹಿಡಿದದ್ದು ಮೂರು ಗಂಟೆಗೂ ಸ್ವಲ್ಪ ಹೆಚ್ಚು, ಅದರಲ್ಲಿ ಕೈ ಆಡಿಸಿದ್ದು ಕಾಲು ಗಂಟೆಯಷ್ಟೆ. ಮರುದಿನ ಒಲೆಗಿಟ್ಟ ಮೇಲೆ ಜ್ವಾಲೆಯ ಬಳೆ ಮತ್ತೆ ಕಂದಾಯಿತು ಎಂಬುದನ್ನೂ ಹೇಳಬೇಕು. ಕಾಯುವ ತಾಮ್ರ ಕಪ್ಪಾಗುವುದನ್ನು ತಡೆಯಲಾಗದು. ಆ ತೆಳು ಆಕ್ಸೈಡಿನಿಂದ ಅಡುಗೆಗೆ ಅಡ್ಡಿಯೇನೂ ಇಲ್ಲವಾದ್ದರಿಂದ ನಾನು ವಾರಕ್ಕೊಮ್ಮೆ ಜಿಡ್ಡು ಕೂರದಂತೆ ನೋಡಿಕೊಳ್ಳುತ್ತೇನೆ, ಹುಳಿ ಹಚ್ಚಿ ಹೊಳಪಿಸುವುದು ಎರಡು ಮೂರು ತಿಂಗಳಿಗೊಮ್ಮೆ ಮಾತ್ರ. ಪ್ರತಿ ಬಾರಿ ಹುಳಿ ಹಚ್ಚಿದಾಗಲೂ ಆಕ್ಸೈಡಿನ ರೂಪದಲ್ಲಿ ಒಂದಿಷ್ಟು ತಾಮ್ರ ತೊಳೆದುಹೋಗುತ್ತದೆ ಎಂಬುದನ್ನು ಮರೆಯಬಾರದು.

ಮಾಡಬಾರದ ಕೆಲವು ಕೆಲಸಗಳು

ಶೌಚಾಲಯ ತೊಳೆಯುವ ಆಮ್ಲವನ್ನು ತಳಕ್ಕೆ ಹಾಕಿ ಕ್ಷಣದಲ್ಲಿ ಹೊಳಪಿಸಿದವರಿದ್ದಾರೆ. ಅದರಲ್ಲಿ ಸಾಮಾನ್ಯವಾಗಿ ಇರುವ ಹೈಡ್ರೋಕ್ಲೋರಿಕ್ ಆಮ್ಲ ತಾಮ್ರದ ಆಕ್ಸೈಡಿನ ಜೊತೆಗೆ ಸ್ಟೀಲಿನ ರಕ್ಷಾಪದರವನ್ನೂ ಕರಗಿಸುತ್ತದೆ. ಮುಂದೆ ಅದೇ ಜಾಗದಲ್ಲಿ ತುಕ್ಕು ಕಾಣಿಸಿಕೊಳ್ಳುತ್ತದೆ. ಬ್ಲೀಚ್ ಕೂಡ ಸ್ಟೀಲಿಗೆ ಕುಳಿ ಬೀಳಿಸುತ್ತದೆ. ಬ್ಲೀಚಿಗೆ ನಿಂಬೆ, ವಿನೆಗರ್ ಅಥವಾ ಇನ್ನಾವುದೇ ಹುಳಿ ಸೇರಿದರೆ ಕ್ಲೋರಿನ್ ಎಂಬ ವಿಷಾನಿಲ ಹೊರಡುತ್ತದೆ. ಆದ್ದರಿಂದ ಮಸಿ ತೆಗೆಯುವ ಜಾಗದ ಹತ್ತಿರ ಬ್ಲೀಚ್ ಇರಲೇಬಾರದು.

ಸ್ಟೀಲ್ ನಾರಿನ ವಿಷಯ ಸ್ವಲ್ಪ ಸೂಕ್ಷ್ಮ. ಸಾದಾ ಕಬ್ಬಿಣದ ನುಣ್ಣನೆಯ ನಾರಾದರೆ ಅದರ ಚೂರುಗಳು ತಳದ ಗೀರುಗಳಲ್ಲಿ ಸಿಕ್ಕಿಕೊಂಡು ಎರಡು ದಿನದಲ್ಲಿ ಕಂದು ಚುಕ್ಕೆಗಳಾಗುತ್ತವೆ. ಪಾತ್ರೆಗೇ ತುಕ್ಕು ಹಿಡಿಯಿತೆಂದು ಜನ ಬೇಸರಪಡುವುದು ಎಷ್ಟೋ ಬಾರಿ ಇದನ್ನು ನೋಡಿ. ತಾಮ್ರಕ್ಕೆ ಹುಳಿ ಹಚ್ಚಿದಾಗ ಅಂಥ ನಾರು ಬಳಸಿದರೆ ಕರಗಿದ ತಾಮ್ರ ನಾರಿನ ಮೇಲೆಯೇ ಕೂತು ಅದು ಕೆಂಪಾಗುವುದನ್ನು ನೋಡಬಹುದು. ಗೀರು ಬಿದ್ದ ತಳದ ಇನ್ನೊಂದು ಕೇಡೆಂದರೆ, ಹೊಸ ಜಿಡ್ಡು ಆ ಗೀರುಗಳನ್ನೇ ಹಿಡಿದುಕೊಂಡು ಮೊದಲಿಗಿಂತ ಬೇಗ ಕೂರುತ್ತದೆ.

ಮತ್ತೆ ಕಪ್ಪಾಗುತ್ತಿದ್ದರೆ ಒಲೆಯನ್ನು ನೋಡಿ

ತೊಳೆದ ಪಾತ್ರೆಗೆ ಒಂದೆರಡು ದಿನದಲ್ಲೇ ಒಣ ಮಸಿ ಬರುತ್ತಿದ್ದರೆ, ಅದರಲ್ಲೂ ಎಲ್ಲ ಪಾತ್ರೆಗಳಿಗೂ ಬರುತ್ತಿದ್ದರೆ, ತಪ್ಪು ಬರ್ನರಿನದು. ಗ್ಯಾಸ್ ಜ್ವಾಲೆ ನೀಲಿಯಾಗಿ, ಚೂಪಾಗಿ, ಅಲುಗದೆ ಇರಬೇಕು. ಹಳದಿ ತುದಿಗಳು ಕಂಡರೆ ಗ್ಯಾಸಿಗೆ ಸಾಕಷ್ಟು ಗಾಳಿ ಸೇರದೆ ಇಂಗಾಲ ಉರಿಯದೆ ಉಳಿಯುತ್ತಿದೆ ಎಂದರ್ಥ, ಅದೇ ತಳಕ್ಕೆ ಬಂದು ಕೂರುತ್ತದೆ. ಅಂಥ ಉರಿಯಿಂದ ಕಾರ್ಬನ್ ಮೊನಾಕ್ಸೈಡ್ ಅನಿಲವೂ ಹೆಚ್ಚುವುದರಿಂದ ಇದನ್ನು ಬರಿಯ ಪಾತ್ರೆಯ ತೊಂದರೆ ಎಂದು ಬಿಡಬಾರದು.

ಒಲೆ ತಣ್ಣಗಿದ್ದು ಸಿಲಿಂಡರಿನ ರೆಗ್ಯುಲೇಟರ್ ಮುಚ್ಚಿರುವಾಗ ಬರ್ನರಿನ ತಲೆಯನ್ನು ಎತ್ತಿ, ಉಕ್ಕಿ ಬಿದ್ದು ಗಟ್ಟಿಯಾದದ್ದನ್ನು ಬಿಸಿ ಸೋಪಿನ ನೀರಿನಲ್ಲಿ ನೆನೆಸಿ, ತೂತುಗಳನ್ನು ಒಂದೊಂದಾಗಿ ಪಿನ್ನಿನಿಂದ ಬಿಡಿಸಿ, ಪೂರ್ತಿ ಒಣಗಿದ ಮೇಲೆಯೇ ಕೂರಿಸಬೇಕು. ಒದ್ದೆ ಬರ್ನರಿನಲ್ಲಿ ಜ್ವಾಲೆ ಕೆಲಹೊತ್ತು ಹಳದಿಯಾಗಿಯೇ ಇರುವುದರಿಂದ ಆಗ ನೋಡಿ ತೀರ್ಮಾನಿಸಬಾರದು. ಇಷ್ಟಾದರೂ ಹಳದಿ ಹೋಗದಿದ್ದರೆ ಗಾಳಿಯ ದಾರಿ ಅಥವಾ ಜೆಟ್‌ನ ದೋಷವಿದ್ದೀತು. ಅದನ್ನು ತಿಳಿದ ಮೆಕ್ಯಾನಿಕ್‌ಗೆ ತೋರಿಸುವುದೇ ಸರಿ, ಜೆಟ್‌ನ ತೂತನ್ನು ಪಿನ್ನಿನಿಂದ ಅಗಲ ಮಾಡಿದರೆ ಜ್ವಾಲೆ ಇನ್ನಷ್ಟು ಕೆಡುತ್ತದೆ.

ಸೌದೆ ಒಲೆಯಲ್ಲಿ ಮಸಿಯನ್ನು ತಪ್ಪಿಸಲಾಗದು, ಆದರೆ ಅದು ಲೋಹಕ್ಕೆ ಅಂಟದಂತೆ ಮಾಡಬಹುದು. ಒಲೆಗೆ ಇಡುವ ಮೊದಲು ಹೊರತಳಕ್ಕೂ ಪಕ್ಕಕ್ಕೂ ಒದ್ದೆ ಬಾರ್ ಸೋಪನ್ನು ತೆಳುವಾಗಿ ಸವರಿದರೆ, ಅಥವಾ ನುಣುಪಾದ ಮಣ್ಣನ್ನೋ ಬೂದಿಯನ್ನೋ ನೀರಿನಲ್ಲಿ ಕಲಸಿ ಬಳಿದರೆ, ಮಸಿ ಆ ಪದರದ ಮೇಲೆ ಕೂರುತ್ತದೆ. ಪಾತ್ರೆ ತಣಿದ ಮೇಲೆ ನೀರು ಹಾಕಿದರೆ ಪದರದ ಜೊತೆಗೆ ಮಸಿಯೂ ಇಳಿದುಹೋಗುತ್ತದೆ. ಇಲ್ಲಿ ಮಾತ್ರ ಒಣಬಟ್ಟೆಯಿಂದ ಮೊದಲು ಒರೆಸುವ ನಿಯಮ ಬೇಡ. ಗ್ಯಾಸ್ ಒಲೆಯಾದರೆ, ಇಡುವ ಮುನ್ನ ತಳದಲ್ಲೂ ಪಕ್ಕದಲ್ಲೂ ಎಣ್ಣೆಯ ಹನಿ ಇದೆಯೇ ಎಂದು ಒಮ್ಮೆ ಒರೆಸಿ ನೋಡುವುದು, ಜ್ವಾಲೆ ತಳದ ಅಂಚನ್ನು ದಾಟಿ ಪಕ್ಕಕ್ಕೆ ಏರದಷ್ಟು ಉರಿ ಇಡುವುದು, ಇಷ್ಟು ಮಾಡಿದರೆ ಸೋಡಾ ಸ್ನಾನದ ಪಾತ್ರೆಯನ್ನು ಬಹಳ ದಿನ ಹೊರತೆಗೆಯಬೇಕಾಗುವುದಿಲ್ಲ.